14 ಅಂಕ ಬಂತು, ನನಗೆ ಖಿನ್ನತೆಯಾ?

ಪ್ರಶ್ನೆ: ಓದಲು ಹೊರದೇಶಕ್ಕೆ ಬಂದು ಹತ್ತು ವಾರ ಆಯಿತು. ನಿದ್ದೆ ಇಲ್ಲ, ಹಸಿವಿಲ್ಲ, ಓದಿದ್ದು ತಲೆಗೆ ಹತ್ತುತ್ತಿಲ್ಲ. ಆನ್‌ಲೈನ್‌ನಲ್ಲಿ ಪಿಎಚ್‌ಕ್ಯೂ-9 ಪರೀಕ್ಷೆ ಮಾಡಿಕೊಂಡೆ. 14 ಬಂತು, ಮಧ್ಯಮ ಖಿನ್ನತೆ ಅಂತ ತೋರಿಸಿತು. ಮಾತ್ರೆ ಶುರು ಮಾಡಬೇಕಾ?

ಇದೇ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಒಬ್ಬರಿಗೆ 11, ಇನ್ನೊಬ್ಬರಿಗೆ 17. ಎಲ್ಲರೂ ಒಟ್ಟು ಅಂಕ ಬರೆಯುತ್ತಾರೆ. ಯಾವ ಪ್ರಶ್ನೆಗೆ ಎಷ್ಟು ಬಂತು ಅಂತ ಒಬ್ಬರೂ ಬರೆಯುವುದಿಲ್ಲ. ನನಗೆ ಬೇಕಾಗಿರುವುದು ಅದು.

ಆ ಪರೀಕ್ಷೆಯಲ್ಲಿ ಒಂಬತ್ತು ಪ್ರಶ್ನೆಗಳಿವೆ, ಒಂದೊಂದಕ್ಕೂ 0ರಿಂದ 3 ಅಂಕ. ಕಳೆದ ಎರಡು ವಾರ ಹೇಗಿದ್ದಿರಿ ಅಂತ ಅದು ಕೇಳುತ್ತದೆ. ಯಾಕೆ ಹಾಗಿದ್ದಿರಿ ಅಂತ ಕೇಳುವುದಿಲ್ಲ. ನಿದ್ದೆ, ಸುಸ್ತು, ಹಸಿವು, ಗಮನ ಈ ನಾಲ್ಕಕ್ಕೇ 12 ಅಂಕ ಬರಬಹುದು. ಈಗ ಹೇಳಿ, ಹೊಸ ದೇಶಕ್ಕೆ ಹೋದವರಲ್ಲಿ ಮೊದಲು ಕೆಡುವುದು ಯಾವುದು? ಇವೇ ನಾಲ್ಕು, ಅಲ್ವಾ? ಹಾಗಾಗಿ ಈ ಪರೀಕ್ಷೆ ವೈದ್ಯರ ಹತ್ತಿರ ಹೋಗಬೇಕೋ ಬೇಡವೋ ಅಂತ ತಿಳಿಯಲು ಸರಿ. ಕಾಯಿಲೆಯ ಹೆಸರು ಇಡಲು ಅಲ್ಲ.

ನಾನು ನೋಡಿದ ಇಬ್ಬರ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಇಬ್ಬರೂ ವಿದ್ಯಾರ್ಥಿಗಳು, ಇಬ್ಬರದ್ದೂ 14.

ಮೊದಲನೆಯ ಹುಡುಗನಿಗೆ ನಿದ್ದೆ, ಸುಸ್ತು, ಹಸಿವು, ಗಮನ ನಾಲ್ಕರಲ್ಲೂ 3. ಬೇಸರಕ್ಕೆ 1, 'ನಾನು ಸೋತೆ' ಅನ್ನುವುದಕ್ಕೆ 1, ಉಳಿದದ್ದೆಲ್ಲ ಸೊನ್ನೆ. ಕೂರಿಸಿಕೊಂಡು ಕೇಳಿದೆ. ಸಮಯದ ವ್ಯತ್ಯಾಸದಿಂದ ಮನೆಯವರು ಸಿಗುವುದು ಅವನಿಗೆ ನಡುರಾತ್ರಿ. ದಿನಾ ಎರಡು ಗಂಟೆಯವರೆಗೆ ಫೋನು, ಬೆಳಿಗ್ಗೆ ಎಂಟಕ್ಕೆ ತರಗತಿ. ಪಾಠ ಎರಡನೆಯ ಭಾಷೆಯಲ್ಲಿ. ಬೇರೆ ಭಾಷೆಯ ಪಾಠವನ್ನು ಇಡೀ ದಿನ ಕಿವಿಗೊಟ್ಟು ಕೇಳುವುದು ಎಷ್ಟು ಸುಸ್ತು ಮಾಡುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಮೊದಲು ಮುಕ್ಕಾಲು ಗಂಟೆಯಲ್ಲಿ ಓದುತ್ತಿದ್ದದ್ದಕ್ಕೆ ಈಗ ಎರಡು ಗಂಟೆ ಬೇಕಾಗುತ್ತಿತ್ತು. ಅದನ್ನೇ ಅವನು 'ಗಮನ ಹೋಗಿದೆ' ಅಂದುಕೊಂಡಿದ್ದ. ಆದರೆ ಭಾನುವಾರ ತನ್ನ ಭಾಷೆಯ ಗೆಳೆಯರ ಜೊತೆ ಸೇರಿದರೆ ಹೊಟ್ಟೆ ತುಂಬಾ ಊಟ, ಜೋರು ನಗು, ಆ ರಾತ್ರಿ ಗಾಢ ನಿದ್ದೆ. ಸೋಮವಾರ ಮತ್ತೆ ಅದೇ ಕಥೆ.

ಎರಡನೆಯ ಹುಡುಗಿಗೆ ಆಸಕ್ತಿ ಇಲ್ಲದಿರುವುದಕ್ಕೆ 3, ಬೇಸರಕ್ಕೆ 3, 'ನಾನು ಯಾವುದಕ್ಕೂ ಬಾರದವಳು' ಅನ್ನುವುದಕ್ಕೆ 3, ನಿದ್ದೆಗೆ 2. ಸುಸ್ತು, ಗಮನ, ಸಾವಿನ ಯೋಚನೆ ಒಂದೊಂದು. ಅವಳೂ ಮನೆ ನೆನಪು ಅಂತಲೇ ಬಂದಿದ್ದಳು. ಆದರೆ ಮನೆಯಿಂದ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಗೆಳತಿಯರು ಬಂದರೂ, ರಜೆ ಬಂದರೂ ಒಂದೇ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದ ದಿನ ಏನನ್ನಿಸಿತು ಅಂತ ಕೇಳಿದೆ. 'ಏನೂ ಅನ್ನಿಸಲಿಲ್ಲ' ಅಂದಳು. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ. ಆಗ ಮನಸ್ಸಿಗೆ ಬರುತ್ತಿದ್ದದ್ದು ಮನೆಯ ನೆನಪಲ್ಲ, 'ನನ್ನಿಂದ ಎಲ್ಲರಿಗೂ ಹೊರೆ' ಅನ್ನುವ ಒಂದೇ ಮಾತು.

ಮೊದಲನೆಯದು ಹೊಸ ಸಂಸ್ಕೃತಿಗೆ ಹೊಂದಿಕೊಳ್ಳುವ ಒತ್ತಡ. ಅದು ಸಂದರ್ಭಕ್ಕೆ ಕಟ್ಟಿಹಾಕಿಕೊಂಡಿರುತ್ತದೆ. ಭಾಷೆ, ಒಂಟಿತನ, ದುಡ್ಡು, ವೀಸಾ, ಯಾರೋ ಕೀಳಾಗಿ ಕಂಡದ್ದು, ಹೀಗೆ ಒಂದು ಕಾರಣ ಹಿಡಿಯಲು ಸಿಗುತ್ತದೆ. ಕಾರಣ ಸಡಿಲವಾದರೆ ಮನಸ್ಸೂ ಸಡಿಲವಾಗುತ್ತದೆ. ಖಿನ್ನತೆ ಜಾಗ ಬದಲಾದರೂ ಬೆನ್ನು ಬಿಡುವುದಿಲ್ಲ. ಬಾರ್ಸಿಲೋನಾದ ಮನೋವೈದ್ಯ ಹೊಸೆಬಾ ಅಚೊತೆಗಿ ಕಷ್ಟದಲ್ಲಿರುವ ವಲಸಿಗರನ್ನು ವರ್ಷಗಟ್ಟಲೆ ನೋಡಿದವರು. ಅವರು ಗುರುತಿಸಿದ ಒಂದು ವ್ಯತ್ಯಾಸ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಇಂಥ ವಲಸಿಗರು ಅಳುತ್ತಾರೆ, ತಲೆನೋವು ಅನ್ನುತ್ತಾರೆ, ನಿದ್ದೆಗೆಡುತ್ತಾರೆ. ಆದರೂ ಏನಾದರೂ ಮಾಡಿ ಮುಂದೆ ಹೋಗಬೇಕು ಅನ್ನುವ ಆಸೆ ಅವರಲ್ಲಿ ಉಳಿದಿರುತ್ತದೆ. ಖಿನ್ನತೆ ಮೊದಲು ತಿನ್ನುವುದು ಆ ಆಸೆಯನ್ನೇ.

ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಸಮಾಧಾನವಾಗುತ್ತಿತ್ತು. ಆದರೆ 'ಭಾನುವಾರ ನಗುತ್ತೇನೆ, ಹಾಗಾದರೆ ಖಿನ್ನತೆ ಇಲ್ಲ' ಅಂತ ತೀರ್ಮಾನಿಸಬೇಡಿ. ಒಳ್ಳೆಯದು ನಡೆದಾಗ ಸ್ವಲ್ಪ ಹೊತ್ತು ಅರಳುವ ಖಿನ್ನತೆಯೂ ಉಂಟು. ಅದರಲ್ಲಿ ನಿದ್ದೆ, ಊಟ ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ಇನ್ನೊಂದು, ಒತ್ತಡವಾಗಿ ಶುರುವಾದದ್ದು ಖಿನ್ನತೆಯಾಗಿ ತಿರುಗಬಹುದು. ಕಾರಣ ಗೊತ್ತಿದೆ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತ ಅರ್ಥವಲ್ಲ. ಕಾಲು ಜಾರಿ ಬಿದ್ದದ್ದು ಯಾಕೆ ಅಂತ ಗೊತ್ತಾದರೆ ಮುರಿದ ಮೂಳೆ ಕೂಡಿಬಿಡುತ್ತದಾ?

ಈ ತಪ್ಪು ನಾನೂ ಮಾಡಿದ್ದೇನೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬ ವಿದ್ಯಾರ್ಥಿ ಬಂದಿದ್ದ. ಹೊಸ ಜಾಗ, ಹೊಸ ಭಾಷೆ, ಗೆಳೆಯರಿಲ್ಲ. ಕಥೆ ಎಷ್ಟು ಸರಿಯಾಗಿ ಹೊಂದಿತ್ತು ಅಂದರೆ ನಾನು ಮುಂದಕ್ಕೆ ಕೇಳಲೇ ಇಲ್ಲ. 'ಮೂರು ತಿಂಗಳು ಕೊಡು, ಸರಿಹೋಗುತ್ತೆ' ಅಂದು ಕಳಿಸಿದೆ. ಐದು ವಾರದ ನಂತರ ಅವನನ್ನು ರೂಮ್‌ಮೇಟ್ ಎತ್ತಿಕೊಂಡೇ ಬಂದ. ಹುಡುಗ ಎರಡು ದಿನದಿಂದ ಹಾಸಿಗೆ ಬಿಟ್ಟೆದ್ದಿರಲಿಲ್ಲ, ನೀರೂ ಕುಡಿದಿರಲಿಲ್ಲ. ಬದುಕಿದ, ಓದು ಮುಗಿಸಿದ. ಅಂದಿನಿಂದ ಕಥೆ ಎಷ್ಟೇ ಸರಿಯಾಗಿ ಕೂತರೂ ಒಂಬತ್ತೂ ಪ್ರಶ್ನೆ ಕೇಳಿಯೇ ಬಿಡುತ್ತೇನೆ.

ಹಾಗಾಗಿ ನೀವು ಇಷ್ಟು ಮಾಡಿ. ಎರಡು ವಾರ ದಿನಕ್ಕೆ ಮೂರು ಸಲ ಒಂದು ಸಾಲು ಬರೆಯಿರಿ. ಎಲ್ಲಿದ್ದೆ, ಯಾರ ಜೊತೆ, ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೆ, ಮನಸ್ಸಿಗೆ ಹತ್ತರಲ್ಲಿ ಎಷ್ಟು. ಜೊತೆಗೆ ಮಲಗಿದ ಹೊತ್ತು, ಎದ್ದ ಹೊತ್ತು. ಮನೆಯ ಫೋನನ್ನು ನಿಮ್ಮ ಸಂಜೆಗೆ ತನ್ನಿ, ಮನೆಯವರು ಸ್ವಲ್ಪ ಬೇಗ ಏಳಲಿ. ಮೊದಲನೆಯ ಹುಡುಗನಿಗೆ ನಾನು ಕೊಟ್ಟ 'ಔಷಧಿ' ಇದು, ಜೊತೆಗೆ ಪಾಠವನ್ನು ಅನುಮತಿ ಕೇಳಿ ರೆಕಾರ್ಡ್ ಮಾಡಿಕೊಳ್ಳುವುದು. ಮೂರು ವಾರದಲ್ಲಿ ಅವನ ಅಂಕ 6ಕ್ಕೆ ಇಳಿಯಿತು. ಮಾತ್ರೆ ಕೊಟ್ಟಿದ್ದರೂ ಇಳಿಯುತ್ತಿತ್ತೇನೋ, ಆದರೆ ಆ ಹೆಸರು ಮಾತ್ರೆಗೆ ಹೋಗುತ್ತಿತ್ತು.

ಬರೆದದ್ದರಲ್ಲಿ ಮನಸ್ಸಿನ ಅಂಕ ಜಾಗಕ್ಕೆ ತಕ್ಕ ಹಾಗೆ ಏರಿಳಿದರೆ ಮೊದಲು ಆ ಜಾಗಗಳನ್ನು ಸರಿಮಾಡಿ. ಎಲ್ಲ ಕಡೆ ಒಂದೇ ಸಮ ಕೆಳಗಿದ್ದರೆ, ಇಷ್ಟವಾಗಿದ್ದ ಯಾವುದೂ ಬೇಡವಾದರೆ, ನಿಮ್ಮ ಮೇಲೆ ನಿಮಗೇ ಅಸಹ್ಯ ಬರುತ್ತಿದ್ದರೆ, ಸ್ನಾನ ಊಟದಂಥ ದಿನದ ಕೆಲಸವೇ ನಿಂತಿದ್ದರೆ ಎರಡು ವಾರ ಬರೆಯುತ್ತಾ ಕೂರಬೇಡಿ, ವೈದ್ಯರನ್ನು ನೋಡಿ. ಒಂಬತ್ತನೆಯ ಪ್ರಶ್ನೆ, ಸಾಯುವ ಅಥವಾ ತನಗೆ ತಾನು ಹಾನಿ ಮಾಡಿಕೊಳ್ಳುವ ಯೋಚನೆಯದ್ದು, ಅದಕ್ಕೆ 1 ಬಂದಿದ್ದರೂ ಅವತ್ತೇ ಯಾರಿಗಾದರೂ ಹೇಳಿ. ಅಲ್ಲಿ ಒಟ್ಟು ಅಂಕದ ಲೆಕ್ಕವೇ ಬೇಡ.

ಇನ್ನು ಮಾತ್ರೆ. ಎರಡನೆಯ ಹುಡುಗಿಗೆ ಕೊಟ್ಟೆ, ಬೇಕಾಗಿತ್ತು. ಆದರೆ ಕೊಡುವ ಮೊದಲು ಇನ್ನೊಂದು ಪ್ರಶ್ನೆ ಕೇಳಿದೆ. 'ಯಾವಾಗಲಾದರೂ ಕೆಲವು ದಿನ ಎರಡು ಮೂರು ಗಂಟೆ ಮಲಗಿದರೂ ಸುಸ್ತೇ ಆಗದೆ, ಮಾತು ನಿಲ್ಲದೆ, ದುಡ್ಡು ನೀರಿನ ಹಾಗೆ ಖರ್ಚು ಮಾಡಿದ್ದುಂಟಾ? ಮನೆಯಲ್ಲಿ ಯಾರಿಗಾದರೂ ಹಾಗಾಗಿತ್ತಾ?' ಇದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ತೀರಾ ಕೆಳಗೆ, ಒಮ್ಮೆ ತೀರಾ ಮೇಲೆ ಹೋಗುವ ಕಾಯಿಲೆಯನ್ನು ಹುಡುಕುವ ಪ್ರಶ್ನೆ. ಅದು ಹೆಚ್ಚಾಗಿ ತಲೆ ಎತ್ತುವುದು ಹದಿನೆಂಟು ಇಪ್ಪತ್ತರ ಆಸುಪಾಸಿನಲ್ಲಿ, ಅಂದರೆ ಓದಲು ಹೊರಗೆ ಹೋಗುವ ವಯಸ್ಸಿನಲ್ಲೇ. ವಿಮಾನ ಪ್ರಯಾಣ, ನಿದ್ದೆಗೇಡು ಅದನ್ನು ಕೆಣಕಬಹುದು. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಮನಸ್ಸು ಆ ಮೇಲಿನ ತುದಿಗೆ ಹಾರಿಬಿಡಬಹುದು. ಅಲ್ಲದೆ 25 ತುಂಬದವರಲ್ಲಿ ಮಾತ್ರೆಯ ಮೊದಲ ಕೆಲವು ವಾರ ಆತ್ಮಹತ್ಯೆಯ ಯೋಚನೆ ಜಾಸ್ತಿಯಾಗುವ ಸಾಧ್ಯತೆ ಇರುವುದರಿಂದ ಹತ್ತಿರದಿಂದ ನೋಡಿಕೊಳ್ಳಬೇಕು. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಈ ಪ್ರಶ್ನೆಗಳನ್ನು ಕೇಳದೆ ಐದು ನಿಮಿಷದಲ್ಲಿ ಚೀಟಿ ಬರೆದುಕೊಟ್ಟರೆ, ಎದ್ದು ಬನ್ನಿ, ಇನ್ನೊಬ್ಬರನ್ನು ನೋಡಿ. ನಾನು ಈ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಹೆದರುತ್ತೇನೆ ಅಂತ ಜೊತೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಪ್ರಶ್ನೆ: ಹೊಸ ದೇಶಕ್ಕೆ ಹೋದರೆ ಮೊದಲು ಖುಷಿ, ಆಮೇಲೆ ಬೇಸರ, ಆಮೇಲೆ ಸರಿಹೋಗುತ್ತದೆ ಅಂತಾರೆ. ನನಗೆ ಆ ಖುಷಿಯೇ ಬರಲಿಲ್ಲ. ನನ್ನಲ್ಲೇ ಏನೋ ತೊಂದರೆ ಇದೆಯಾ?

ಮೇಲಿಂದ ಇಳಿದು ಮತ್ತೆ ಏರುವ ಆ ಚಿತ್ರ 1955ರದ್ದು. ಲಿಸ್‌ಗೋರ್ ಅನ್ನುವವರು ಅಮೆರಿಕದಲ್ಲಿದ್ದು ಬಂದ ನಾರ್ವೆಯವರನ್ನು ಕೇಳಿ ಬರೆದದ್ದು. ಮುಂದೆ 1998ರಲ್ಲಿ ನ್ಯೂಜಿಲೆಂಡ್‌ಗೆ ಬಂದ ಜಪಾನಿ ವಿದ್ಯಾರ್ಥಿಗಳನ್ನು ಮೊದಲ ದಿನದಿಂದಲೇ ಹಿಂಬಾಲಿಸಿ ನೋಡಿದಾಗ ಮನಸ್ಸು ಅತಿ ಕೆಟ್ಟಿದ್ದದ್ದು ಶುರುವಿನಲ್ಲೇ. ನಿಮಗೆ ಆದದ್ದು ಅದೇ. ಆ ಯು ಆಕಾರದ ಗೆರೆಯನ್ನು ಇನ್ನೂ ಸ್ಲೈಡಿನಲ್ಲಿ ಹಾಕಿ ತೋರಿಸುವವರಿಗೆ ನನ್ನ ಪರವಾಗಿ ಎರಡು ಮಾತು ಹೇಳಿ.

ಪ್ರಶ್ನೆ: ರಕ್ತದಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಎಷ್ಟಿದೆ ಅಂತ ನೋಡಿದರೆ ಒತ್ತಡವೋ ಖಿನ್ನತೆಯೋ ಗೊತ್ತಾಗುತ್ತದೆ ಅಂತ ಒಬ್ಬರು ದೊಡ್ಡ ಪ್ಯಾಕೇಜ್ ಹೇಳಿದ್ದಾರೆ. ಮಾಡಿಸಲಾ?

ಬೇಡ. ರಕ್ತದ ಸೆರೊಟೋನಿನ್ ಬಹುಪಾಲು ಬರುವುದು ಕರುಳಿನಿಂದ, ತಲೆಯಲ್ಲಿ ಏನಾಗುತ್ತಿದೆ ಅಂತ ಅದು ಹೇಳುವುದಿಲ್ಲ. ಸುಸ್ತು ಜಾಸ್ತಿಯಿದ್ದರೆ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸಿ, ಅದಕ್ಕೆ ಅರ್ಥವಿದೆ.

ಪ್ರಶ್ನೆ: ಮಗಳು ಫೋನ್ ಮಾಡಿದಾಗೆಲ್ಲ ಅಳುತ್ತಾಳೆ. ವಾಪಸ್ ಕರೆಸಿಕೊಂಡರೆ ಎಲ್ಲ ಸರಿಹೋಗುತ್ತದೆ ಅಲ್ವಾ?

ಫೋನ್‌ನಲ್ಲಿ ಅಳುವ ಮಗಳಿಗಿಂತ ಫೋನ್ ಎತ್ತುವುದನ್ನೇ ನಿಲ್ಲಿಸಿದ ಮಗಳ ಬಗ್ಗೆ ನಾನು ಜಾಸ್ತಿ ಚಿಂತೆ ಮಾಡುತ್ತೇನೆ. ಕರೆಸಿಕೊಳ್ಳುವುದೋ ಬೇಡವೋ ಅಂತ ಅವಳನ್ನೇ ಕೇಳಿ, ಪಕ್ಕದಲ್ಲಿ ನೆಂಟರಿಲ್ಲದಾಗ.

ಪ್ರಶ್ನೆ: ರೂಮ್‌ಮೇಟ್ ತನಗೆ ಕೊಟ್ಟಿದ್ದ ಖಿನ್ನತೆಯ ಮಾತ್ರೆಯಲ್ಲಿ ಒಂದು ಹಾಳೆ ನನಗೂ ಕೊಟ್ಟಿದ್ದಾನೆ. ಹತ್ತು ದಿನ ತೆಗೆದುಕೊಂಡು ನೋಡಲಾ?

ಅವನಿಗೇ ವಾಪಸ್ ಕೊಡಿ, ಇಲ್ಲದಿದ್ದರೆ ಅವನ ಮಾತ್ರೆ ಕಮ್ಮಿಬೀಳುತ್ತದೆ.