ತೂತು ಮುಚ್ಚುವುದೋ, ನರವನ್ನು ಸುಮ್ಮನಾಗಿಸುವುದೋ?

ಓದುಗರ ಪತ್ರ: ತಣ್ಣೀರು ಬಾಯಿಗೆ ಹಾಕಿದರೆ ಎಡಗಡೆ ಮೇಲಿನ ಕೋರೆಹಲ್ಲು ಜುಮ್ ಅನ್ನುತ್ತೆ. ಹುಳುಕೇನೂ ಕಾಣಿಸುತ್ತಿಲ್ಲ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಒಂದು ವಾರ ಬಳಸಿದೆ, ಏನೂ ಆಗಲಿಲ್ಲ. ಆರ್ಜಿನೈನ್ ಪೇಸ್ಟ್ ಬೇರೆಯೇ? ಅಥವಾ ಎರಡೂ ಬರೀ ಪ್ರಚಾರವೇ?

ಸಂಪಾದಕರ ಉತ್ತರ: ಯಾವ ಹಲ್ಲು, ಯಾವ ಕಡೆ ಅಂತ ಸರಿಯಾಗಿ ಬರೆದಿದ್ದೀರಿ, ಖುಷಿಯಾಯಿತು. ಅರ್ಧ ಉತ್ತರ ಅಲ್ಲೇ ಇದೆ. ನೀವು ಬಲಗೈಯಲ್ಲಿ ಬ್ರಷ್ ಹಿಡಿಯುವವರಿರಬೇಕು. ಬಲಗೈಯವರ ಒತ್ತಡ ಹೆಚ್ಚಾಗಿ ಎಡಗಡೆ ಕೋರೆಹಲ್ಲಿನ ಮೇಲೆ ಬೀಳುತ್ತದೆ. ಕನ್ನಡಿ ಮುಂದೆ ತುಟಿ ಎತ್ತಿ ನೋಡಿ. ವಸಡು ಸ್ವಲ್ಪ ಮೇಲೆ ಸರಿದು, ಹಲ್ಲಿನ ಬುಡದಲ್ಲಿ ಹಳದಿ ಪಟ್ಟಿ ಕಾಣುತ್ತಾ? ಅದು ಡೆಂಟಿನ್, ಹಲ್ಲಿನ ಒಳಪದರ. ಹಲ್ಲಿನ ತಲೆಗೆ ಎನಾಮಲ್ಲಿನ ಗಟ್ಟಿ ಹೊದಿಕೆ ಇದೆ. ಬೇರಿಗೆ ಇರುವ ಹೊದಿಕೆ ಬುಡದ ಹತ್ತಿರ ತೀರಾ ತೆಳು. ವಸಡು ಸರಿದ ಮೇಲೆ ಅದು ಉಜ್ಜಿ ಉಜ್ಜಿ ಬೇಗ ಹೋಗಿಬಿಡುತ್ತದೆ.

ಡೆಂಟಿನ್ ಗಟ್ಟಿ ಕಲ್ಲಲ್ಲ. ಒಳಗಿನ ತಿರುಳಿನಿಂದ ಹೊರಮೈವರೆಗೆ ಅದರ ತುಂಬ ಸೂಕ್ಷ್ಮ ಕೊಳವೆಗಳಿವೆ. ಒಂದು ಚದರ ಮಿಲಿಮೀಟರಿಗೆ ಸಾವಿರಾರು, ಒಂದೊಂದರ ಅಗಲ ಸುಮಾರು 1 ಮೈಕ್ರಾನ್. ಅವುಗಳಲ್ಲಿ ದ್ರವ ತುಂಬಿದೆ. ತಣ್ಣೀರು ತಾಗಿದಾಗ ಆ ದ್ರವ ಥಟ್ಟನೆ ಹೊರಗಡೆ ಸರಿಯುತ್ತದೆ. ಆ ಸೆಳೆತಕ್ಕೆ ಒಳತುದಿಯ ನರಗಳು ಚುಳ್ಳೆನ್ನುತ್ತವೆ. ಗಾಳಿ ಬಡಿದರೂ, ಸಿಹಿ ತಾಗಿದರೂ ದ್ರವ ಹೊರಕ್ಕೇ ಹೋಗುತ್ತದೆ. ಬಿಸಿಗೆ ಒಳಕ್ಕೆ ಸರಿಯುತ್ತದೆ, ಅದಕ್ಕೇ ಬಿಸಿಯ ಕಾಟ ಕಡಿಮೆ. ಸ್ವೀಡನ್ನಿನ ಮಾರ್ಟಿನ್ ಬ್ರ್ಯಾನ್‌ಸ್ಟ್ರೋಮ್ 1960ರ ದಶಕದಲ್ಲಿ ಪ್ರಯೋಗ ಮಾಡಿ ಗಟ್ಟಿಗೊಳಿಸಿದ ವಿವರಣೆ ಇದು. ಇಂದಿಗೂ ಹೆಚ್ಚಿನವರು ಒಪ್ಪುವುದು ಇದನ್ನೇ.

ಆಮೇಲೆ 1987ರಲ್ಲಿ ಸಂಶೋಧಕರು ಜುಮ್ಮೆನ್ನುವ ಹಲ್ಲನ್ನೂ ಜುಮ್ಮೆನ್ನದ ಹಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಜುಮ್ಮೆನ್ನುವುದರಲ್ಲಿ ತೆರೆದ ಕೊಳವೆಗಳು ಸುಮಾರು ಎಂಟು ಪಟ್ಟು ಜಾಸ್ತಿ, ಅಗಲ ಹೆಚ್ಚುಕಡಿಮೆ ಎರಡರಷ್ಟು. ಕೊಳವೆಯ ಅಗಲ ಎರಡರಷ್ಟಾದರೆ ಹರಿವು 16 ಪಟ್ಟಾಗುತ್ತದೆ. ತಿರುಗಿಸಿ ಹೇಳಿದರೆ, ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತೂತು ಮುಚ್ಚುವ ದಾರಿಯೇ ಸರಿ ಅಂತ ನಾನು ಹಠ ಹಿಡಿಯುವುದು ಈ ಲೆಕ್ಕಕ್ಕೇ.

ನಿಮ್ಮ ಪೊಟ್ಯಾಸಿಯಂ ನೈಟ್ರೇಟ್ ತೂತು ಮುಚ್ಚುವುದಿಲ್ಲ. ಪೊಟ್ಯಾಸಿಯಂ ಕೊಳವೆಯೊಳಗೆ ಇಳಿದು ನರದ ಸುತ್ತ ಸೇರಿಕೊಂಡರೆ, ನರ ಮತ್ತೆ ಮತ್ತೆ ಸಂಕೇತ ಕಳಿಸಲಾರದೆ ಸುಮ್ಮನಾಗುತ್ತದೆ ಅನ್ನುವುದು ವಾದ. ಸಾಮಾನ್ಯವಾಗಿ ಪೇಸ್ಟಿನಲ್ಲಿ 5% ಇರುತ್ತದೆ. ದಿನಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ ಬಿಡದೆ ಬಳಸಬೇಕು. ಒಂದೇ ವಾರಕ್ಕೆ ಕೈಬಿಟ್ಟು ಪ್ರಚಾರ ಅಂದುಬಿಟ್ಟಿರಲ್ಲ, ಅದು ಅವಸರವಾಯಿತು. ಬಹಳ ಜನಕ್ಕೆ ಇದರಿಂದ ಆರಾಮ ಸಿಕ್ಕಿದೆ, ಇಲ್ಲವೆನ್ನುವುದಿಲ್ಲ. ಆದರೆ ದ್ರವ ಹೊರಗಡೆ ನೂಕುತ್ತಿರುವ ಕೊಳವೆಯಲ್ಲಿ ಪೊಟ್ಯಾಸಿಯಂ ಎದುರೀಜಿ ಎಷ್ಟು ಒಳಗೆ ಹೋದೀತು? ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2006ರ ವಿಮರ್ಶೆಗೂ ಇದರ ಪರವಾಗಿ ಗಟ್ಟಿ ಪುರಾವೆ ಕಾಣಲಿಲ್ಲ.

ಆರ್ಜಿನೈನ್ ಎಂಬ ಅಮೈನೋ ಆಮ್ಲ ನಮ್ಮ ಜೊಲ್ಲಿನಲ್ಲೇ ಇದೆ. ಅದಕ್ಕೆ ಧನ ವಿದ್ಯುದಾವೇಶ, ಡೆಂಟಿನ್ ಮೈಗೆ ಋಣ, ಹಾಗಾಗಿ ಅಂಟಿಕೊಳ್ಳುತ್ತದೆ. ಪೇಸ್ಟಿನ ಕ್ಯಾಲ್ಸಿಯಂ ಕಾರ್ಬೊನೇಟನ್ನೂ ಜೊತೆಗೆ ಹಿಡಿದುಕೊಳ್ಳುತ್ತದೆ. ಜೊಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಬಂದು ಸೇರಿ ಕೊಳವೆಯ ಬಾಯಿಗೆ ಬೆಣೆ ಹೊಡೆದಂತಾಗುತ್ತದೆ. ಕ್ಯಾನ್ಸಲ್ ಆಗುವುದು ನೋವಲ್ಲ, ನೋವಿನ ಕಾರಣವೇ. ನನ್ನ ಸಹೋದ್ಯೋಗಿಯೊಬ್ಬರಿಗೆ ನಿಮ್ಮದೇ ಹಲ್ಲು, ನಿಮ್ಮದೇ ಕಾಟ. ದಂತವೈದ್ಯರು ಹೇಳಿದಂತೆ ಅವರು ಪೇಸ್ಟನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ಆ ಹಳದಿ ಪಟ್ಟಿಗೆ ಒಂದು ನಿಮಿಷ ತಿಕ್ಕಿದರು. ಅವತ್ತೇ ತಣ್ಣೀರು ಕುಡಿದು ನಂಬಲಾಗದೆ ಇನ್ನೊಂದು ಲೋಟ ತರಿಸಿಕೊಂಡರು. ಆದರೆ ಹುಳಿ ಪಾನೀಯದ ಚಟ ಬಿಡಲಿಲ್ಲ, ಗಟ್ಟಿ ಬ್ರಷ್ಷೂ ಬಿಡಲಿಲ್ಲ. ಪೇಸ್ಟ್ ನಿಲ್ಲಿಸಿದ ಮೇಲೆ ಬೆಣೆ ಸವೆದು ಕಾಟ ವಾಪಸ್ ಬಂತು. ಈಗ ಮೆತ್ತನೆ ಬ್ರಷ್, ದಿನಾ ಅದೇ ಪೇಸ್ಟ್, ಹುಳಿ ಕುಡಿದ ಕೂಡಲೇ ಹಲ್ಲುಜ್ಜುವುದಿಲ್ಲ.

ಕೊಳ್ಳುವಾಗ ಪ್ರಮಾಣ ನೋಡಿ. ಜುಮ್ಮೆನ್ನುವುದಕ್ಕೆ ಪರೀಕ್ಷೆಯಾದದ್ದು 8% ಆರ್ಜಿನೈನ್. 1.5% ಇರುವ ಪೇಸ್ಟ್ ಹುಳುಕು ತಡೆಯಲೆಂದು ಮಾಡಿದ್ದು. ಪೊಟ್ಟಣದ ಮೇಲೆ ಹೊಳೆಯುವ ಹಲ್ಲಿನ ಚಿತ್ರ ಅಂಗೈಯಗಲ, ಅಂಶ ಮಾತ್ರ ಭೂತಗನ್ನಡಿಗೆ ಕಾಣುವ ಅಕ್ಷರದಲ್ಲಿ. ಎಷ್ಟು ವಾರ ಬಳಸಬೇಕು ಅಂತ ದೊಡ್ಡದಾಗಿ ಬರೆದಿದ್ದರೆ ನೀವು ಏಳೇ ದಿನಕ್ಕೆ ಬಿಡುತ್ತಿರಲಿಲ್ಲ, ಅಲ್ವಾ? ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಬೆಳ್ಳಗೆ ಮಾಡುತ್ತೇವೆಂದು ಒರಟು ಪುಡಿ ಮಾರುವವರ ಮೇಲಂತೂ ಇನ್ನೂ ಜಾಸ್ತಿ. ಬೇರಿನ ಹೊದಿಕೆ ಸವೆಸುವುದೇ ಆ ಪುಡಿ.

ಇನ್ನೊಂದು ಮಾತು. ತಣ್ಣೀರು ನುಂಗಿದ ಮೇಲೂ ನೋವು ನಿಂತೇ ಇದ್ದರೆ, ರಾತ್ರಿ ತಾನಾಗಿಯೇ ಮಿಡಿದರೆ, ಅಥವಾ ಕಚ್ಚಿದಾಗ ಚುಚ್ಚಿದರೆ ಅದು ಬರೀ ಡೆಂಟಿನ್ ಕಾಟ ಇರಲಿಕ್ಕಿಲ್ಲ. ತಿರುಳಿನ ಉರಿಯೂತವೋ ಹಲ್ಲಿನ ಬಿರುಕೋ ಇರಬಹುದು. ಆಗ ಎರಡು ಪೇಸ್ಟನ್ನೂ ಬದಿಗಿಟ್ಟು ದಂತವೈದ್ಯರಿಗೆ ತೋರಿಸಿ.