ಮುನ್ನೂರರ ಹತ್ತಿರ ಗುಡ್ಡೆಬಿದ್ದ ಬಿಲ್‌ಗಳು

ಸಂಪಾದಕರೇ, ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ದಿನಸಿ ಅಂಗಡಿ. ಎಂಟು ತಿಂಗಳಿಂದ ಆನ್‌ಲೈನ್ ಆರ್ಡರ್ ತಗೊಂಡು ಮನೆಗೆ ತಲುಪಿಸ್ತಿದ್ದೇವೆ. 299 ರೂಪಾಯಿ ಮೇಲೆ ಡೆಲಿವರಿ ಫ್ರೀ, ಅದಕ್ಕಿಂತ ಕಡಿಮೆಯಾದರೆ 25 ರೂಪಾಯಿ. ದಿನಕ್ಕೆ ಇಪ್ಪತ್ತೆರಡು ಆರ್ಡರ್ ಬರುತ್ತೆ, ಆದರೆ ತಿಂಗಳ ಕೊನೆಗೆ ಕೈಲಿ ಏನೂ ಉಳಿಯಲ್ಲ. ಚಾರ್ಜ್ ಜಾಸ್ತಿ ಮಾಡಿದರೆ ಜನ ದೊಡ್ಡ ಆ್ಯಪ್‌ಗಳಿಗೆ ಹೋಗಿಬಿಡ್ತಾರೆ ಅಂತ ಭಯ. ಚಾರ್ಜ್ ಕಾಣದ ಹಾಗೆ ಸಾಮಾನಿನ ಬೆಲೆಗೇ ಸೇರಿಸಿಬಿಡೋಣ ಅಂತಲೂ ಯೋಚನೆ ಇದೆ. ಎಷ್ಟಿಡಬೇಕು ಹೇಳಿ. ಹೋದ ತಿಂಗಳ ಬಿಲ್ ಪಟ್ಟಿ, ಖರ್ಚಿನ ಲೆಕ್ಕ ಜೊತೆಗಿಟ್ಟಿದ್ದೇನೆ. ಈ ಸಣ್ಣ ಆರ್ಡರ್‌ಗಳೇ ನಮ್ಮನ್ನ ಮುಳುಗಿಸ್ತಿವೆ.
— ಒಬ್ಬ ಓದುಗರು, ಮೈಸೂರು

ಬಿಲ್ ಪಟ್ಟಿ ಕಳಿಸಿದ್ದು ತುಂಬ ಒಳ್ಳೆಯದಾಯಿತು. ಅದಿಲ್ಲದೆ ನಾನು ಯಾವ ಅಂಕಿ ಹೇಳಿದ್ದರೂ ಅದು ಗಾಳಿಗೆ ಗುಂಡು ಹೊಡೆದಂತೆ ಆಗುತ್ತಿತ್ತು. ಎರಡು ಸಂಜೆ ಕೂತು 570 ಬಿಲ್‌ಗಳನ್ನೂ ನೋಡಿದೆ. ನಿಮ್ಮ ದುಡ್ಡು ಎಲ್ಲಿ ಸೋರುತ್ತಿದೆ ಎಂಬುದು ಅದರಲ್ಲೇ ಇದೆ. ಅದು ನೀವು ಅಂದುಕೊಂಡ ಜಾಗದಲ್ಲಿಲ್ಲ.

ಮೊದಲು ಒಂದು ಆರ್ಡರ್ ಮನೆಗೆ ಮುಟ್ಟಿಸಲು ಎಷ್ಟು ಬೀಳುತ್ತದೆ ನೋಡೋಣ. ನೀವು ಹುಡುಗನ ಸಂಬಳ 14,000, ಪೆಟ್ರೋಲ್ ಸುಮಾರು 1,800 ಎಂದು ಬರೆದಿದ್ದೀರಿ. ಅಲ್ಲಿಗೇ ನಿಲ್ಲಿಸಿದ್ದೀರಿ. ಆದರೆ ಗಾಡಿಯ ಸರ್ವೀಸು, ಟೈರು, ಇನ್ಶೂರೆನ್ಸು ತಿಂಗಳಿಗೆ ಹಂಚಿದರೆ 1,200 ಆಗುತ್ತದೆ. ಆರ್ಡರ್‌ಗೊಂದು ಚೀಲ, ನಾಲ್ಕು ರೂಪಾಯಿಯಂತೆ 2,280. ಇನ್ನೊಂದು ಖರ್ಚನ್ನಂತೂ ಬಹಳ ಅಂಗಡಿಯವರು ಮರೆಯುತ್ತಾರೆ. ಒಂದು ಆರ್ಡರ್‌ಗೆ ಸಾಮಾನು ಹುಡುಕಿ, ತೂಗಿ, ಚೀಲಕ್ಕೆ ತುಂಬಲು ಹತ್ತು ನಿಮಿಷ ಬೇಕು. ಇಪ್ಪತ್ತೆರಡು ಆರ್ಡರ್‌ಗೆ ಮೂರೂವರೆ ಗಂಟೆಗೂ ಮೇಲೆ. ಅಂಗಡಿಗೇ ಬರುವ ಗಿರಾಕಿ ಎಷ್ಟೋ ಸಾಮಾನನ್ನು ತಾನೇ ಎತ್ತಿಕೊಳ್ಳುತ್ತಾನೆ, ಇಲ್ಲಿ ನಿಮ್ಮ ಒಳಗಿನ ಹುಡುಗಿಯ ಅರ್ಧ ದಿನ ಇದಕ್ಕೇ ಹೋಗುತ್ತಿದೆ. ಅವಳ ಸಂಬಳದಲ್ಲಿ 5,500 ಇದರ ಲೆಕ್ಕಕ್ಕೆ ಬರಬೇಕು. ಎಲ್ಲ ಕೂಡಿದರೆ ಹತ್ತಿರ ಹತ್ತಿರ 24,800. ಅಂದರೆ ಒಂದು ಆರ್ಡರ್‌ಗೆ 43 ರೂಪಾಯಿ ಚಿಲ್ಲರೆ. ನೀವು 28 ಎಂದು ಬರೆದಿದ್ದಿರಿ.

ಈಗ ಬಿಲ್‌ಗಳಿಗೆ ಬರೋಣ. ನಿಮ್ಮ ಸರಾಸರಿ ಬಿಲ್ 414 ರೂಪಾಯಿ. ಆ ಸರಾಸರಿಯನ್ನು ದಯವಿಟ್ಟು ನಂಬಬೇಡಿ. 414ರ ಸುತ್ತಮುತ್ತ ಬಿಲ್‌ಗಳೇ ಕಡಿಮೆ. ನಾನು ಅವುಗಳನ್ನು ನಾಲ್ಕು ಗುಡ್ಡೆ ಮಾಡಿದೆ. 299ಕ್ಕಿಂತ ಕಡಿಮೆ ಇರುವವು 150, ಅವುಗಳಲ್ಲಿ ಹೆಚ್ಚಿನವು 180ರ ಆಸುಪಾಸು. 299ರಿಂದ 350ರ ಒಳಗೆ 240 ಬಿಲ್. 350ರಿಂದ 500ರವರೆಗೆ 90. ಅದರ ಮೇಲೆ ಇನ್ನೊಂದು 90, ಅವು ಅಕ್ಕಿ ಮೂಟೆ, ಎಣ್ಣೆ ಇರುವ ದೊಡ್ಡ ಬಿಲ್‌ಗಳು. ಆ 240ರ ಗುಡ್ಡೆ ನೋಡಿ. ಗಿರಾಕಿ 299 ಮುಟ್ಟುವವರೆಗೆ ಒಂದು ಬಿಸ್ಕತ್ತು, ಒಂದು ಸೋಪು ಸೇರಿಸಿ ಅಲ್ಲಿಗೇ ಕೈ ಬಿಟ್ಟಿದ್ದಾರೆ. ಅವರ ತಪ್ಪೇನಿಲ್ಲ, ಅಲ್ವಾ? ಗೆರೆ ಎಳೆದದ್ದು ನೀವು.

320 ರೂಪಾಯಿಯ ಒಂದು ಬಿಲ್ ತೆಗೆದುಕೊಳ್ಳಿ. ನಿಮ್ಮ ಪಟ್ಟಿಯ ಪ್ರಕಾರ ಇಂಥ ಬಿಲ್‌ನಲ್ಲಿ ನಿಮಗೆ ಸಿಗುವ ಮಾರ್ಜಿನ್ ನೂರಕ್ಕೆ ಹನ್ನೆರಡು. ಅಂದರೆ 38 ರೂಪಾಯಿ. ಮುಟ್ಟಿಸಲು ಖರ್ಚು 43. ಪ್ರತಿ ಸಲವೂ ಐದು ರೂಪಾಯಿ ಕೈಯಿಂದ ಹೋಗುತ್ತಿದೆ. ಈಗ 180ರ ಸಣ್ಣ ಬಿಲ್ ನೋಡಿ. ಮಾರ್ಜಿನ್ 21, ಅದರ ಜೊತೆ 25 ರೂಪಾಯಿ ಚಾರ್ಜ್ ಬರುತ್ತದೆ. ಖರ್ಚು ಕಳೆದು ಮೂರು ರೂಪಾಯಿ ಉಳಿಯುತ್ತದೆ. ಸಣ್ಣ ಆರ್ಡರ್‌ಗಳು ನಿಮ್ಮನ್ನು ಮುಳುಗಿಸುತ್ತಿವೆ ಎಂದು ಪತ್ರದ ಕೊನೆಯಲ್ಲಿ ಬೇಸರದಿಂದ ಬರೆದಿದ್ದೀರಿ. ಹಾಗಿಲ್ಲ. ಅವು ತಮ್ಮ ಭಾರವನ್ನು ತಾವೇ ಹೊರುತ್ತಿವೆ. ಮುಳುಗಿಸುತ್ತಿರುವುದು ನೀವು ಖುಷಿಯಿಂದ ಫ್ರೀ ಕಳಿಸುತ್ತಿರುವ ಮುನ್ನೂರರ ಬಿಲ್‌ಗಳು. ಇಡೀ ತಿಂಗಳು 570 ಮನೆಗೆ ತಲುಪಿಸಿ, ಬಾಡಿಗೆ ಕರೆಂಟು ಕಳೆಯುವ ಮೊದಲೇ, ನಿಮಗೆ ಉಳಿದದ್ದು ಸುಮಾರು 3,500. ಅದೂ ಬಂದದ್ದು ದೊಡ್ಡ ಬಿಲ್‌ಗಳಿಂದ.

ಹಾಗಾದರೆ ಗೆರೆ ಎಲ್ಲಿರಬೇಕು? ಖರ್ಚಾದ 43ನ್ನು ನೂರಕ್ಕೆ ಹನ್ನೆರಡರಿಂದ ಭಾಗಿಸಿದರೆ ಸುಮಾರು 360 ಬರುತ್ತದೆ. ಅಲ್ಲಿ ನಷ್ಟ ನಿಲ್ಲುತ್ತದೆ, ಅಷ್ಟೇ. ಬಾಡಿಗೆಗೆ, ನಿಮ್ಮ ದುಡಿಮೆಗೆ ಆರ್ಡರ್‌ಗೆ ಹದಿನೇಳು ರೂಪಾಯಿಯಾದರೂ ಬೇಕು ಎಂದಿಟ್ಟುಕೊಂಡರೆ, 60ನ್ನು ಹಾಗೇ ಭಾಗಿಸಿ. 500 ಬರುತ್ತದೆ. ಆದ್ದರಿಂದ ನನ್ನ ಸಲಹೆ 499. ಕೆಳಗಿನವರಿಗೆ ಚಾರ್ಜ್ 30.

ಲೆಕ್ಕ 500 ಎಂದಿತು ಎಂಬ ಒಂದೇ ಕಾರಣಕ್ಕೆ ಒಪ್ಪಬೇಡಿ. ಗಿರಾಕಿಗೆ ಆ ಗೆರೆ ಕೈಗೆ ಎಟುಕಬೇಕು. 320ರ ಬಿಲ್ ಮಾಡುವವರಿಗೆ 499 ಮುಟ್ಟಲು 180 ರೂಪಾಯಿ ಬೇಕು. ಅದು ಒಂದು ಕಿಲೋ ತೊಗರಿಬೇಳೆ ಮತ್ತು ಒಂದು ಸಣ್ಣ ಪ್ಯಾಕೆಟ್ಟು. ಹೇಗೂ ಬೇಕಾದ ಸಾಮಾನು, ನಾಳೆ ತರುವುದನ್ನು ಇವತ್ತೇ ತರಿಸಿಕೊಳ್ಳಬಹುದು. ಅದೇ 999 ಇಟ್ಟರೆ ಯಾರೂ ಪ್ರಯತ್ನವನ್ನೇ ಮಾಡುವುದಿಲ್ಲ. ಅದು ಇದ್ದರೂ ಇಲ್ಲದ ಹಾಗೆ.

ಗೆರೆ ಏರಿಸಿದ ಮೇಲೆ ಏನಾಗಬಹುದು? ನನ್ನ ಅಂದಾಜು ಹೇಳುತ್ತೇನೆ. ಮುನ್ನೂರರ ಗುಡ್ಡೆಯ 240ರಲ್ಲಿ 80 ಬಿಲ್ 500 ದಾಟಬಹುದು. ಇನ್ನು 100 ಬಿಲ್‌ನವರು ಆ ಬಿಸ್ಕತ್ತು, ಸೋಪು ಬಿಟ್ಟು 270ಕ್ಕೆ ಇಳಿದು 30 ರೂಪಾಯಿ ಕೊಡಬಹುದು. 60 ಆರ್ಡರ್ ಕೈತಪ್ಪಿ ಹೋಗಬಹುದು. 520ರ ಫ್ರೀ ಬಿಲ್‌ನಲ್ಲಿ ನಿಮಗೆ ಖರ್ಚು ಕಳೆದು ಸುಮಾರು 19 ಉಳಿಯುತ್ತದೆ. 30 ರೂಪಾಯಿ ಕೊಟ್ಟ 270ರ ಬಿಲ್‌ನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಚಾರ್ಜು, ಗೆರೆ ಎರಡೂ ಸರಿಯಾಗಿ ಕೂತಿವೆ ಎನ್ನುವುದಕ್ಕೆ ಇದೇ ಗುರುತು. ಗಿರಾಕಿ ಯಾವ ಕಡೆ ನಿಂತರೂ ನಿಮಗೆ ಬೇಜಾರಾಗಬಾರದು. ಉಳಿದ ಗುಡ್ಡೆಗಳಲ್ಲೂ ಇಪ್ಪತ್ತು ಆರ್ಡರ್ ಹೋಯಿತು ಎಂದುಕೊಂಡರೆ ಒಟ್ಟು 490 ಆರ್ಡರ್. ಉಳಿಯುವುದು 7,000 ದಾಟುತ್ತದೆ. ಎಂಬತ್ತು ಸಲ ಗಾಡಿ ಓಡಿಸುವುದು ತಪ್ಪುತ್ತದೆ, ಉಳಿಕೆ ಮಾತ್ರ ಎರಡರಷ್ಟು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. 60 ಆರ್ಡರ್ ಹೋದರೆ ಆರ್ಡರ್‌ಗೆ 43ರಂತೆ ಖರ್ಚು ಉಳಿಯಿತು ಎಂದು ಲೆಕ್ಕ ಹಾಕಬೇಡಿ. ಹುಡುಗನ ಸಂಬಳ ಹಾಗೇ ಇರುತ್ತದೆ. ಉಳಿಯುವುದು ಚೀಲ, ಪೆಟ್ರೋಲ್ ಸೇರಿ ಆರ್ಡರ್‌ಗೆ ಏಳು ರೂಪಾಯಿ ಮಾತ್ರ. ಈ ಒಂದು ಮಾತಿನಿಂದ ಇನ್ನೊಂದು ದಾರಿಯೂ ತೆರೆಯುತ್ತದೆ. ನಿಮ್ಮ ಪಟ್ಟಿಯಲ್ಲಿ ಆರ್ಡರ್ ಬಂದ ಸಮಯವೂ ಇದೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಆ ಹುಡುಗ ಸುಮ್ನೆ ಕೂತಿರುತ್ತಾನೆ. ಸಂಜೆ ಆರರಿಂದ ಎಂಟರವರೆಗೆ ಹನ್ನೆರಡು ಆರ್ಡರ್ ಒಟ್ಟಿಗೆ ಬಂದು ಬೀಳುತ್ತವೆ. ಮಧ್ಯಾಹ್ನ ಒಂದು ಸಣ್ಣ ಆರ್ಡರ್ ಕಳಿಸಲು ಹೊಸದಾಗಿ ಆಗುವ ಖರ್ಚು ಆ ಏಳೇ ರೂಪಾಯಿ. ಸಂಜೆ ಅದೇ ಸಣ್ಣ ಆರ್ಡರ್‌ನಿಂದ ದೊಡ್ಡ ಬಿಲ್‌ನ ಮನೆಗೆ ತಡವಾಗುತ್ತದೆ. ಆದ್ದರಿಂದ ಮಧ್ಯಾಹ್ನದ ಹೊತ್ತು ತರಿಸಿಕೊಳ್ಳುವವರಿಗೆ ಚಾರ್ಜ್ 15 ಇಡಿ, ಸಂಜೆಗೆ 30 ಇರಲಿ. ಒಂದೇ ಬೀದಿಯ ಎರಡು ಮೂರು ಆರ್ಡರ್ ಒಂದೇ ಸುತ್ತಿನಲ್ಲಿ ಹೋಗುವಂತೆ ಹನ್ನೆರಡೂವರೆಗೆ ಒಂದು, ಮೂರಕ್ಕೆ ಒಂದು ಹೊತ್ತು ಗೊತ್ತು ಮಾಡಿ. ಮನೆಯಲ್ಲಿ ಹಿರಿಯರಿರುವ ಗಿರಾಕಿಗಳು ನಿಮಗೆ ಬಹಳ ಇದ್ದಾರೆ, ಅವರಿಗೆ ಮಧ್ಯಾಹ್ನವೇ ಅನುಕೂಲ.

ದೊಡ್ಡ ಬಿಲ್‌ಗಳ ವಿಷಯ ಒಂದು ಮಾತು. 25 ಕಿಲೋ ಅಕ್ಕಿ ಮೂಟೆ ಒಂದೇ ಇದ್ದರೂ ಬಿಲ್ ಗೆರೆ ದಾಟುತ್ತದೆ. ಆದರೆ ಅಂಥ ಬಿಲ್‌ನಲ್ಲಿ ನಿಮ್ಮ ಮಾರ್ಜಿನ್ ನೂರಕ್ಕೆ ಎಂಟಕ್ಕೆ ಇಳಿದಿದೆ, ಬರೀ ಮೂಟೆಯಾದರೆ ಇನ್ನೂ ಕಡಿಮೆ. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಹೊತ್ತು ಹೋಗುವವನ ಬೆನ್ನನ್ನೂ ನೆನೆಯಬೇಕು. ಮೂಟೆಗೆ ಬೇರೆ ಚಾರ್ಜ್ ಬೇಡ, ಗಿರಾಕಿಗೆ ಗೊಂದಲವಾಗುತ್ತದೆ. ಮೂಟೆ ಮಾರನೇ ದಿನ ಮಧ್ಯಾಹ್ನವೇ ಬರುತ್ತದೆ ಎಂದು ಬರೆದರೆ ಸಾಕು. ಅಕ್ಕಿ ಪೂರ್ತಿ ಮುಗಿಯುವವರೆಗೆ ಯಾರೂ ಕಾಯುವುದಿಲ್ಲ.

ಆ್ಯಪ್‌ಗಳ ಭಯಕ್ಕೆ ಬರುತ್ತೇನೆ. ಆ ಕಂಪನಿಗಳಿಗೆ ತಮ್ಮ ಆ್ಯಪ್‌ನಲ್ಲಿ ಬ್ರ್ಯಾಂಡ್‌ಗಳ ಜಾಹೀರಾತಿನಿಂದಲೂ ದುಡ್ಡು ಬರುತ್ತದೆ. ನಿಮಗೆ ಆ ದಾರಿ ಇಲ್ಲ. ಫ್ರೀ ಎನ್ನುವುದರಲ್ಲಿ ಅವರ ಜೊತೆ ಪೈಪೋಟಿಗೆ ಇಳಿಯಬೇಡಿ. ಅವರಲ್ಲೂ ಕೆಲವರು ಡೆಲಿವರಿ ಚಾರ್ಜಿನ ಜೊತೆ ಹ್ಯಾಂಡ್ಲಿಂಗ್ ಚಾರ್ಜ್, ಸಣ್ಣ ಬಿಲ್‌ನ ಚಾರ್ಜ್ ಎಂದು ಸೇರಿಸುತ್ತಾರೆ. ನಿಮ್ಮ ಗಿರಾಕಿಗೆ ಚಾರ್ಜ್ ಹೊಸದಲ್ಲ. ಜನಕ್ಕೆ ಸಿಟ್ಟು ಬರುವುದು ಅದು ಕೊನೇ ಗಳಿಗೆಯಲ್ಲಿ ಎದ್ದು ಬಂದಾಗ. ಹಾಗೆ ಬಚ್ಚಿಟ್ಟು ಕೊನೆಗೆ ತೋರಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ತಪ್ಪು ಎಂದೇ ಹೇಳಿದೆ. ನಿಮ್ಮ ಪೇಜಿನ ತಲೆಯಲ್ಲೇ ಬರೆಯಿರಿ. ಸಾಮಾನು ಹಾಕುತ್ತಾ ಹೋದಂತೆ "ಇನ್ನು 60 ರೂಪಾಯಿ ಸಾಮಾನು ಸೇರಿಸಿದರೆ ಡೆಲಿವರಿ ಫ್ರೀ" ಎಂದು ಕಾಣುವಂತೆ ಮಾಡಿಸಿ. ಚಾರ್ಜ್ ಕಾಣಿಸಬಾರದು ಎಂದು ಸಾಮಾನಿನ ಬೆಲೆಗೇ ಸೇರಿಸುವ ಯೋಚನೆ ನಿಮ್ಮ ಪತ್ರದಲ್ಲಿದೆ. ಅದು ಬೇಡವೇ ಬೇಡ. ಪ್ಯಾಕೆಟ್ ಮೇಲೆ ಅಚ್ಚಾದ ಎಂಆರ್‌ಪಿ ಮೀರಿ ಒಂದು ರೂಪಾಯಿಯನ್ನೂ ಸಾಮಾನಿನ ಬೆಲೆ ಎಂದು ತೆಗೆದುಕೊಳ್ಳುವಂತಿಲ್ಲ. ಅದೂ ಅಲ್ಲದೆ ಅಂಗಡಿಗೇ ನಡೆದು ಬರುವವರು ಇನ್ನೊಬ್ಬರ ಡೆಲಿವರಿಗೆ ಯಾಕೆ ದುಡ್ಡು ಕೊಡಬೇಕು?

ಹೋಗುವ 60 ಆರ್ಡರ್‌ಗಳೂ ಎಲ್ಲಿಗೆ ಹೋದವು ಎಂದು ನೋಡಿ. ಅವರು ಕೌಂಟರ್‌ಗೆ ಬಂದು ಕೊಂಡರೆ ನಿಮಗೆ ಇನ್ನೂ ಒಳ್ಳೆಯದೇ, ಮಾರ್ಜಿನ್ ಪೂರ್ತಿ ನಿಮ್ಮದು. ಫೋನಿನಲ್ಲಿ ಆರ್ಡರ್ ಹಾಕಿ, ಕಟ್ಟಿಟ್ಟ ಚೀಲವನ್ನು ಬಂದು ಒಯ್ಯುವವರಿಗೆ ಚಾರ್ಜ್ ಇಲ್ಲ ಎಂದು ದೊಡ್ಡದಾಗಿ ಬರೆಯಿರಿ. ಆಫೀಸಿಂದ ಬರುವ ದಾರಿಯಲ್ಲಿ ಎತ್ತಿಕೊಂಡು ಹೋಗುವವರು ಬಹಳ ಜನ ಇರುತ್ತಾರೆ.

ಬದಲಾಯಿಸಿದ ಆರು ವಾರಕ್ಕೆ ಮತ್ತೆ ಹೀಗೇ ಗುಡ್ಡೆ ಮಾಡಿ. ಒಂದು ತಿಂಗಳು ಸಾಲದು, ಸಂಬಳದ ಮೊದಲ ವಾರದ ಬಿಲ್ಲೇ ಬೇರೆ, ಕೊನೆಯ ವಾರದ್ದೇ ಬೇರೆ. 500ರ ಮೇಲೆ ಹೊಸ ಗುಡ್ಡೆ ಎದ್ದಿದ್ದರೆ ಗೆರೆ ಕೆಲಸ ಮಾಡುತ್ತಿದೆ. ಗುಡ್ಡೆ ಏಳದೆ ಬರೀ ಆರ್ಡರ್ ಕಡಿಮೆಯಾಗಿದ್ದರೆ 449ಕ್ಕೆ ಇಳಿಸಿ ನೋಡಿ, 360ರ ಕೆಳಗೆ ಮಾತ್ರ ಹೋಗಬೇಡಿ. ಬಾಗಿಲಲ್ಲಿ ವಾಪಸ್ ಬರುವ ಸಾಮಾನಿನ ಮೇಲೂ ಕಣ್ಣಿಡಿ. 499 ಮುಟ್ಟಲು ಒಂದು ಡಬ್ಬಿ ಸೇರಿಸಿ, ಹುಡುಗ ಬಂದಾಗ "ಇದು ಬೇಡಪ್ಪ" ಎನ್ನುವವರು ಕೆಲವರು ಇದ್ದೇ ಇರುತ್ತಾರೆ. ಅವರ ಬಿಲ್ ಗೆರೆಯ ಕೆಳಗೆ ಇಳಿದರೆ ಚಾರ್ಜ್ ಸೇರುತ್ತದೆ ಎಂದು ಮೊದಲೇ ಬರೆದಿಡಿ. ಆದರೆ ನಿಮ್ಮಲ್ಲೇ ಸಾಮಾನು ಮುಗಿದು ಬಿಲ್ 499ಕ್ಕಿಂತ ಇಳಿದರೆ ಚಾರ್ಜ್ ಹಾಕಲೇಬಾರದು. ಬೇಳೆ ಇಲ್ಲದ್ದು ನಿಮ್ಮ ಕೊರತೆ, ಅದಕ್ಕೆ ಅವರಿಂದ 30 ರೂಪಾಯಿ ಕೇಳಬೇಡಿ. ಆ ಮನೆಗೆ ಅವತ್ತು ಫ್ರೀಯಾಗಿಯೇ ಹೋಗಲಿ.