60 ಮೀಟರ್ ಎತ್ತರಕ್ಕೆ ಯಾವ ಟರ್ಬೈನ್?

ತೋಟದ ಹಳ್ಳದಲ್ಲಿ 60 ಮೀಟರ್ ಎತ್ತರವೂ ಮಳೆಗಾಲದಲ್ಲಿ ಸೆಕೆಂಡಿಗೆ 20 ಲೀಟರ್ ನೀರೂ ಸಿಗುತ್ತವೆ. ಇಂಪಲ್ಸ್ ಟರ್ಬೈನ್ ಹಾಕಬೇಕೋ, ರಿಯಾಕ್ಷನ್ ಟರ್ಬೈನೋ?

ಉತ್ತರ: ನೀರಿನ ಧಾರೆ ಬಟ್ಟಲುಗಳಿಗೆ ಬಡಿದು ಚಕ್ರ ತಿರುಗಿಸುವ, ಇಂಪಲ್ಸ್ ಬಗೆಯ ಪೆಲ್ಟನ್ ಹಾಕಿಸಿ. ಪೈಪಿನೊಳಗಿನ ಘರ್ಷಣೆ ಕಳೆದ ಮೇಲೂ 60 ಮೀಟರ್ ಉಳಿಯುತ್ತದೆ ಎಂದಿಟ್ಟುಕೊಂಡರೆ, ನಳಿಕೆಯಿಂದ ನೀರು ಸೆಕೆಂಡಿಗೆ ಸುಮಾರು 33 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಚಕ್ರದ ಬಟ್ಟಲುಗಳು ಅದರ ಅರ್ಧಕ್ಕಿಂತ ತುಸು ಕಡಿಮೆ ವೇಗದಲ್ಲಿ ಓಡಬೇಕಾದ್ದರಿಂದ, 1500 ಆರ್‌ಪಿಎಂ ಜನರೇಟರಿಗೆ ನೇರವಾಗಿ ಜೋಡಿಸಲು 20 ಸೆಂಟಿಮೀಟರ್ ವ್ಯಾಸದ ಚಕ್ರ ಸಾಕು. ಒಟ್ಟು ದಕ್ಷತೆ ಶೇ. 60 ಇದ್ದರೆ 7 ಕಿಲೋವ್ಯಾಟ್ ಸಿಗುತ್ತದೆ. ಒಂದೇ ನಳಿಕೆಯಿಟ್ಟರೆ 28 ಮಿಲಿಮೀಟರ್ ದಪ್ಪದ ಧಾರೆ ಅಷ್ಟು ಚಿಕ್ಕ ಚಕ್ರಕ್ಕೆ ಹೆಚ್ಚಾಗುತ್ತದೆ. ಎರಡು ಇಡಿಸಿದರೆ ಬೇಸಿಗೆಯಲ್ಲಿ ಹರಿವು ಇಳಿದಾಗ ಒಂದನ್ನು ಮುಚ್ಚಬಹುದು.

ಇಷ್ಟೇ ವಿದ್ಯುತ್ತನ್ನು 4 ಮೀಟರ್ ಎತ್ತರದಲ್ಲಿ ಪಡೆಯಲು ಸೆಕೆಂಡಿಗೆ 300 ಲೀಟರ್ ನೀರು ಬೇಕು. ಅಲ್ಲಿ ಪೆಲ್ಟನ್ ಚಕ್ರದ ವ್ಯಾಸ 2 ಮೀಟರ್ ದಾಟುತ್ತದೆ, ಆದರೂ ಅದು ನಿಮಿಷಕ್ಕೆ 40 ಸುತ್ತು ತಿರುಗುವುದಿಲ್ಲ. ಅಂಥ ಕಡೆ, ಪೂರ್ತಿ ನೀರು ತುಂಬಿದ ಕವಚದಲ್ಲಿ ತಿರುಗುತ್ತ, ನೀರನ್ನು ಕೆಳಗೆ ಹೊರಬಿಡುವ ಕೊಳವೆಯಾದ ಡ್ರಾಫ್ಟ್ ಟ್ಯೂಬಿನ ಹೀರುವಿಕೆಯನ್ನೂ ಬಳಸಿಕೊಳ್ಳುವ ಪ್ರೊಪೆಲರ್, ಅಂದರೆ ರಿಯಾಕ್ಷನ್ ಬಗೆಯೇ ತಕ್ಕದ್ದು. ಆದರೆ ಅಲಗುಗಳ ಕೋನ ಬದಲಿಸಲಾಗದ ಪ್ರೊಪೆಲರಿನ ದಕ್ಷತೆ, ಹರಿವು ಅರ್ಧಕ್ಕಿಳಿದರೆ ತೀರಾ ಕುಸಿಯುತ್ತದೆ. ಆದ್ದರಿಂದ ಏಪ್ರಿಲ್ ತಿಂಗಳ ಹರಿವನ್ನು ಅಳೆಯದೆ ಅದನ್ನು ಕೊಳ್ಳಬಾರದು.